ಅಕ್ಕನ ಸ್ಟಾಕ್ ಆಪ್ಷನ್ ಮತ್ತು 914 ದಿನಗಳ ಲೆಕ್ಕ

ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ನಾವೆಲ್ಲ ಸಿಟಿಸಿ ನೋಡ್ತೀವಿ, ಅದರೊಳಗೆ ಸ್ಟಾಕ್ ಎಷ್ಟು ಅಂತಲೂ ನೋಡ್ತೀವಿ. ಆ ಸ್ಟಾಕಿಗೆ ತೆರಿಗೆ ಹೇಗೆ ಹಿಡೀತಾರೆ ಅಂತ ಮಾತ್ರ ಯಾರೂ ಕೇಳಲ್ಲ. ನಾವೂ ಕೇಳಿರಲಿಲ್ಲ. ನಮ್ಮ ಕಾಲೇಜಿನ ಸೀನಿಯರ್ ಅಕ್ಕ ಒಬ್ಬರು ತಮಗೆ ಬಂದ ನೋಟಿಸ್ ತೋರಿಸಿದ ಮೇಲೆ, ಕೂತು ಅವರ ಜೊತೆ ಲೆಕ್ಕ ಹಾಕಿದೆವು. ಅರ್ಥ ಆಗಲಿ ಅಂತ ಇಲ್ಲಿ ಮೊತ್ತಗಳನ್ನು ಸರಳ ಮಾಡಿದ್ದೇವೆ.

ಅಕ್ಕ 2017ರ ಆಗಸ್ಟ್‌ನಲ್ಲಿ ಎಂ.ಎಸ್. ಓದೋಕೆ ಅಮೆರಿಕಕ್ಕೆ ಹೋದರು, ಅಲ್ಲೇ ಒಂದು ಕಂಪನಿ ಸೇರಿದರು. 2021ರ ಜುಲೈ 1ರಂದು ಕಂಪನಿ ಅವರಿಗೆ 300 ಸ್ಟಾಕ್ ಆಪ್ಷನ್ ಕೊಟ್ಟಿತು. ಅಂದರೆ, ಮೂರು ವರ್ಷ ಕೆಲಸ ಮಾಡಿದರೆ ತಲಾ 40 ಡಾಲರಿಗೆ 300 ಷೇರು ಕೊಳ್ಳುವ ಹಕ್ಕು. 2024ರ ಜನವರಿ 1ರಿಂದ ಅವರು ಅದೇ ಕಂಪನಿಯ ಬೆಂಗಳೂರು ಕಚೇರಿಗೆ ಬಂದರು. 2024ರ ಜೂನ್ 30ಕ್ಕೆ ಹಕ್ಕು ಪಕ್ಕಾ ಆಯಿತು, ಇದಕ್ಕೇ ವೆಸ್ಟಿಂಗ್ ಅನ್ನೋದು. ಆಗಸ್ಟ್‌ನಲ್ಲಿ ಅವರು ಷೇರು ಕೊಂಡರು. ಆ ದಿನ ಷೇರಿನ ಬೆಲೆ 160 ಡಾಲರ್.

ನಮ್ಮ ತೆರಿಗೆ ಕಾಯ್ದೆಯ ಪ್ರಕಾರ, ಕೊಂಡ ದಿನದ ಬೆಲೆಯಲ್ಲಿ ನಾವು ಕೊಟ್ಟ ಬೆಲೆ ಕಳೆದರೆ ಉಳಿಯೋದು ಸಂಬಳದ ಭಾಗ, ಅಂದರೆ ಪರ್ಕ್ವಿಸಿಟ್. ಷೇರು ಮಾರದಿದ್ದರೂ, ಕೈಗೆ ಒಂದು ರೂಪಾಯಿ ಬರದಿದ್ದರೂ ಅದು ಆದಾಯವೇ. ಇಲ್ಲಿ ತಲಾ 120 ಡಾಲರ್, 300 ಷೇರಿಗೆ 36,000 ಡಾಲರ್. ಡಾಲರಿಗೆ 83 ರೂಪಾಯಿ ಅಂತ ಇಟ್ಟುಕೊಂಡರೆ 29,88,000 ರೂಪಾಯಿ. ಬೆಂಗಳೂರು ಕಚೇರಿ ಈ ಪೂರ್ತಿ ಮೊತ್ತವನ್ನು ಅಕ್ಕನ 18,00,000 ರೂಪಾಯಿ ಸಂಬಳಕ್ಕೆ ಸೇರಿಸಿ ಟಿಡಿಎಸ್ ಹಿಡಿಯಿತು. ಫಾರ್ಮ್ 16ರಲ್ಲಿ ಒಟ್ಟು 47,88,000 ಬಂತು.

ತಪ್ಪು ಇರೋದು ಇಲ್ಲೇ. ತೆರಿಗೆ ಬೀಳೋದು ಷೇರು ಕೊಂಡ ದಿನ, ಸರಿ. ಆದರೆ ಆ ಲಾಭ ದುಡಿದದ್ದು ಯಾವಾಗ? ಆಪ್ಷನ್ ಕೊಟ್ಟ ದಿನದಿಂದ ವೆಸ್ಟಿಂಗ್ ದಿನದವರೆಗೆ, ಮೂರು ವರ್ಷ. ಅದರಲ್ಲಿ ಎರಡೂವರೆ ವರ್ಷದ ಕೆಲಸ ನಡೆದದ್ದು ಅಮೆರಿಕದಲ್ಲಿ. ಆ ಪಾಲಿಗೆ ಅಮೆರಿಕವೂ ತೆರಿಗೆ ಕೇಳುತ್ತೆ.

ಹಾಗಂತ ಎಲ್ಲರಿಗೂ ಈ ವಿನಾಯಿತಿ ಸಿಗಲ್ಲ. ಪೂರ್ಣ ನಿವಾಸಿಯಾದರೆ ಜಗತ್ತಿನ ಯಾವ ಮೂಲೆಯ ಆದಾಯಕ್ಕೂ ಇಲ್ಲಿ ತೆರಿಗೆ ಇದೆ. ಅಂಥವರು ಪೂರ್ತಿ ಮೊತ್ತ ತೋರಿಸಿ, ಅಮೆರಿಕದಲ್ಲಿ ಕಟ್ಟಿದ್ದನ್ನು ಫಾರ್ಮ್ 67ರ ಮೂಲಕ ವಜಾ ಕೇಳಬೇಕು. ಅಕ್ಕನ ಸ್ಥಿತಿ ಬೇರೆ. ಹಿಂದಿನ 7 ಹಣಕಾಸು ವರ್ಷಗಳಲ್ಲಿ ಒಟ್ಟು 729 ದಿನ ಅಥವಾ ಅದಕ್ಕಿಂತ ಕಡಿಮೆ ಭಾರತದಲ್ಲಿದ್ದವರು 'ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ' ಅನ್ನೋ ಗುಂಪಿಗೆ ಸೇರುತ್ತಾರೆ. ಇದನ್ನೇ ಆರ್‌ಎನ್‌ಒಆರ್ ಅಂತಾರೆ. ಅಕ್ಕ ಹೋಗೋ ಮುಂಚಿನ ನಾಲ್ಕು ತಿಂಗಳು, ರಜೆಗೆ ಬಂದದ್ದು, ವಾಪಸ್ ಬಂದ ಮೇಲಿನ ಮೂರು ತಿಂಗಳು ಎಲ್ಲ ಸೇರಿಸಿದರೂ ಸುಮಾರು 310 ದಿನ. ಇಂಥವರು ಹೊರದೇಶದಲ್ಲಿ ಕೆಲಸ ಮಾಡಿ ಗಳಿಸಿ, ಹೊರದೇಶದಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಅಕ್ಕನ ಷೇರುಗಳು ಜಮೆಯಾದದ್ದು ಅಮೆರಿಕದ ಬ್ರೋಕರ್ ಖಾತೆಗೆ, ಹಾಗಾಗಿ ಆ ಷರತ್ತೂ ಸರಿಹೋಯಿತು.

ಕಚೇರಿಯ ಪೇರೋಲ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ. ಅಕ್ಕ ಹೇಳಿರಲಿಲ್ಲ, ಅವರು ಕೇಳಿರಲಿಲ್ಲ.

ಈಗ ಹಂಚಿಕೆ. 2021ರ ಜುಲೈ 1ರಿಂದ 2024ರ ಜೂನ್ 30ರವರೆಗೆ 1,096 ದಿನ (2024 ಅಧಿಕ ವರ್ಷ, ಮರೀಬೇಡಿ). ಅದರಲ್ಲಿ ಬೆಂಗಳೂರಿನದು 182 ದಿನ, ಅಮೆರಿಕದ್ದು 914 ದಿನ. 29,88,000ವನ್ನು 182ರಿಂದ ಗುಣಿಸಿ 1,096ರಿಂದ ಭಾಗಿಸಿದರೆ 4,96,182 ರೂಪಾಯಿ. ಭಾರತದಲ್ಲಿ ತೆರಿಗೆಗೆ ಬರೋ ಪಾಲು ಇಷ್ಟೇ. ಉಳಿದ 24,91,818 ರೂಪಾಯಿಗೆ ಇಲ್ಲಿ ತೆರಿಗೆ ಇಲ್ಲ. ಅಕ್ಕನ ಸಂಬಳವೇ 30%ರ ಹಂತ ದಾಟಿದ್ದರಿಂದ, ಸೆಸ್ ಸೇರಿ 31.2%ರಂತೆ ಹೆಚ್ಚಾಗಿ ಹಿಡಿದ ತೆರಿಗೆ ಸುಮಾರು 7,77,000 ರೂಪಾಯಿ. ದಿನ ಎಣಿಸಿ ಹಂಚೋ ಈ ಸೂತ್ರವನ್ನು ನಾವು ಕಂಡುಹಿಡಿದದ್ದಲ್ಲ. ಇಂಥದ್ದೇ ಒಂದು ಪ್ರಕರಣದಲ್ಲಿ, ಭಾರತದಲ್ಲಿ ಮಾಡಿದ ಕೆಲಸದ ಪಾಲಿಗೆ ಮಾತ್ರ ತೆರಿಗೆ ಅಂತ 2013ರಲ್ಲಿ ದೆಹಲಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಹೇಳಿದೆ.

ಅಕ್ಕ ರಿಟರ್ನ್‌ನಲ್ಲಿ ಸರಿಯಾದ ಮೊತ್ತ ತೋರಿಸಿ, ಹಿಡಿದ ಟಿಡಿಎಸ್ ಪೂರ್ತಿ ಕ್ಲೇಮ್ ಮಾಡಿ, ರೀಫಂಡ್ ಕೇಳಿದರು. ಇಲಾಖೆಯ ಕಂಪ್ಯೂಟರಿಗೆ ಕಂಡದ್ದು ಬೇರೆ. ಟಿಡಿಎಸ್ ಹಿಡಿದ ಆದಾಯ 47,88,000, ರಿಟರ್ನ್‌ನಲ್ಲಿರೋದು 22,96,182. ಟಿಡಿಎಸ್ ಪೂರ್ತಿ ಬೇಕು, ಆದಾಯ ಮಾತ್ರ ಅರ್ಧಕ್ಕಿಂತ ಕಡಿಮೆ! ಸೆಕ್ಷನ್ 139(9)ರ ಕೆಳಗೆ 'ರಿಟರ್ನ್ ದೋಷಪೂರಿತ' ಅಂತ ನೋಟಿಸ್ ಬಂತು. ಉತ್ತರಕ್ಕೆ 15 ದಿನ. ಸುಮ್ಮನಿದ್ದರೆ ರಿಟರ್ನೇ ಸಲ್ಲಿಸಿಲ್ಲ ಅಂತ ಆಗಬಹುದು, ಅಲ್ಲಿಗೆ ರೀಫಂಡ್ ಕಥೆಯೂ ಮುಗೀತು.

ಭಯಕ್ಕೆ ಬಿದ್ದು ಫಾರ್ಮ್ 16ರ ಮೊತ್ತವನ್ನೇ ತುಂಬಿ ರಿಟರ್ನ್ ತಿದ್ದಿಬಿಡೋಣ ಅಂತ ಅಕ್ಕನಿಗೆ ಅನ್ನಿಸಿತ್ತಂತೆ. ಹಾಗೆ ಮಾಡಿದ್ದರೆ ಏಳು ಮುಕ್ಕಾಲು ಲಕ್ಷವನ್ನು ತಾವೇ ಬಿಟ್ಟುಕೊಟ್ಟ ಹಾಗೆ. ಅವರು ಪೋರ್ಟಲ್‌ನ e-Proceedings ಒಳಗೆ ಹೋಗಿ Disagree ಆರಿಸಿ ಉತ್ತರ ಬರೆದರು. ಕಂಪನಿ ತಪ್ಪು ಮಾಡಿದೆ ಅಂತ ಪುಟಗಟ್ಟಲೆ ದೂರೋದರಿಂದ ಏನೂ ಆಗಲ್ಲ. ಅಧಿಕಾರಿಗೆ ಬೇಕಿರೋದು, ಅವರ ಸಂಖ್ಯೆಯಿಂದ ಹೊರಟು ನಮ್ಮ ಸಂಖ್ಯೆಗೆ ಬಂದು ನಿಲ್ಲುವ ದಾರಿ. ಅಕ್ಕನ ಉತ್ತರದ ಹೃದಯ ಇಷ್ಟೇ:

ಫಾರ್ಮ್ 16 ಮತ್ತು 26ಎಎಸ್ ಪ್ರಕಾರ ಒಟ್ಟು ಸಂಬಳ: 47,88,000
ಕಳೆಯಿರಿ, ಅಮೆರಿಕದ ಕೆಲಸಕ್ಕೆ ಸೇರಿದ ಪರ್ಕ್ವಿಸಿಟ್ (29,88,000 × 914 ÷ 1,096): 24,91,818
ರಿಟರ್ನ್‌ನಲ್ಲಿ ತೋರಿಸಿದ ಒಟ್ಟು ಸಂಬಳ: 22,96,182
ಇದರಲ್ಲಿ ಮಾಮೂಲಿ ಸಂಬಳ 18,00,000, ಭಾರತದ ಪಾಲಿನ ಪರ್ಕ್ವಿಸಿಟ್ 4,96,182

ಕೆಳಗೆ ಎರಡು ವಾಕ್ಯ: ತಾನು ಆ ವರ್ಷ ಆರ್‌ಎನ್‌ಒಆರ್ ಯಾಕೆ, ಮತ್ತು ಟಿಡಿಎಸ್ ತನ್ನ ಹೆಸರಿನಲ್ಲೇ ಜಮೆಯಾಗಿರೋದರಿಂದ ಪೂರ್ತಿ ಕ್ರೆಡಿಟ್ ಯಾಕೆ ಬೇಕು. ಪ್ರತಿ ಸಂಖ್ಯೆಗೂ ಒಂದು ಕಾಗದ ಲಗತ್ತಿಸಿದರು. 29,88,000ಕ್ಕೆ ಫಾರ್ಮ್ 12ಬಿಎ, ದಿನಾಂಕಗಳಿಗೆ ಆಪ್ಷನ್ ಪತ್ರ ಮತ್ತು ವೆಸ್ಟಿಂಗ್ ವಿವರ, 182 ದಿನಕ್ಕೆ ಬೆಂಗಳೂರಿಗೆ ವರ್ಗವಾದ ಪತ್ರ, 310 ದಿನಕ್ಕೆ ಪಾಸ್‌ಪೋರ್ಟ್‌ನ ಮುದ್ರೆಗಳು.

ಸೋಲೋದು ಸಾಮಾನ್ಯವಾಗಿ ಈ ಕಾಗದಗಳಲ್ಲೇ. ರಜೆಗೆ ಬಂದಾಗ ಮನೆಯಿಂದಲೇ ಲ್ಯಾಪ್‌ಟಾಪ್ ತೆಗೆದು ಕೆಲಸ ಮಾಡಿದ್ದರೆ ಆ ದಿನಗಳು ಭಾರತದ ಪಾಲಿಗೆ ಬರುತ್ತವೆ, ಅವನ್ನು ಮುಚ್ಚಿಟ್ಟರೆ ಇಡೀ ಲೆಕ್ಕದ ಮೇಲೆ ಅನುಮಾನ ಬೀಳುತ್ತೆ. ಕೆಲಸ ಬಿಟ್ಟ ಮೇಲೆ ಕಂಪನಿಯ ಪೋರ್ಟಲ್ ತೆರೆಯಲ್ಲ, ಆಪ್ಷನ್ ಪತ್ರ ಅಲ್ಲೇ ಉಳಿದುಬಿಡುತ್ತೆ.

ಮುಂದೆ ನಮ್ಮಲ್ಲಿ ಯಾರಾದರೂ ಹೀಗೆ ವಾಪಸ್ ಬಂದರೆ, ಷೇರು ಕೊಳ್ಳೋ ಮೊದಲೇ ಪೇರೋಲ್‌ಗೆ ಒಂದು ಮೇಲ್ ಹಾಕಿ: ನಾನು ಈ ವರ್ಷ ಆರ್‌ಎನ್‌ಒಆರ್, ದಿನಗಳ ಹಂಚಿಕೆ ಇದು, ಪುರಾವೆ ಇಲ್ಲಿದೆ. ಅವರು ಒಪ್ಪಿದರೆ ನೋಟಿಸೇ ಬರಲ್ಲ. ಒಪ್ಪದಿದ್ದರೆ, ಆ ಮೇಲ್ ನಿಮ್ಮ ಉತ್ತರಕ್ಕೆ ಇನ್ನೊಂದು ಲಗತ್ತು.