ಒಬ್ಬರು ಕೊಂಡ ಆಟ, ಮನೆಮಂದಿಗೆಲ್ಲ

ಮನೆಗೆ ಹೊಸ ಫೋನ್ ಬಂದಾಗ ಅದರಲ್ಲಿ ಯಾರ ಜಿಮೇಲ್ ಹಾಕಬೇಕು ಎಂದರೆ ಎಷ್ಟೋ ಮನೆಗಳಲ್ಲಿ ಉತ್ತರ ಒಂದೇ: ಅಪ್ಪನದು. ಅಪ್ಪ ದುಡ್ಡು ಕೊಟ್ಟು ಕೊಂಡ ಆಟ ಮಗನಿಗೂ ಸಿಗಲಿ ಎಂಬುದಷ್ಟೇ ಉದ್ದೇಶ. ಆದರೆ ಆಟದ ಹಿಂದೆಯೇ ಅಪ್ಪನ ಫೋಟೊ, ಬ್ಯಾಂಕಿನಿಂದ ಬಂದ ಮೇಲ್, ಉಳಿಸಿಟ್ಟ ಪಾಸ್‌ವರ್ಡ್ ಎಲ್ಲವೂ ಮಗನ ಫೋನಿಗೆ ಇಳಿಯುತ್ತವೆ. ಮಗ ನೋಡಿದ ವೀಡಿಯೊಗಳೆಲ್ಲ ಅಪ್ಪನ ಯೂಟ್ಯೂಬ್‌ನಲ್ಲಿ ಸಾಲುಗಟ್ಟುತ್ತವೆ. ಇದರ ಅಗತ್ಯವೇ ಇಲ್ಲ. ಎಲ್ಲರೂ ತಂತಮ್ಮ ಖಾತೆಯಲ್ಲೇ ಇದ್ದುಕೊಂಡು, ಒಬ್ಬರು ಕೊಂಡದ್ದನ್ನು ಉಳಿದವರೂ ಬಳಸಲು ಗೂಗಲ್ಲೇ ಒಂದು ದಾರಿ ಮಾಡಿಕೊಟ್ಟಿದೆ. ಅದರ ಹೆಸರು ಫ್ಯಾಮಿಲಿ ಗ್ರೂಪ್. ಇದಕ್ಕೆ ಬೇರೆ ಶುಲ್ಕವಿಲ್ಲ, ಆದರೆ ನಿಯಮಗಳಿವೆ. ಅವನ್ನು ತಿಳಿಯದೆ ಗ್ರೂಪ್ ಮಾಡಿಕೊಂಡವರು ‘ಕೊಂಡ ಆಟ ಕಾಣಿಸುತ್ತಲೇ ಇಲ್ಲ’ ಎಂದು ಪೇಚಾಡುವುದುಂಟು.

ಗ್ರೂಪಿನಲ್ಲಿ ಯಾರಿರಬಹುದು?

ಶಿವಮೊಗ್ಗದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಪ್ಪ, ಅಮ್ಮ, ಪಿಯುಸಿ ಓದುವ ಮಗ ಮನೆಯಲ್ಲಿದ್ದಾರೆ. ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಿದ್ದಾಳೆ. ದೊಡ್ಡಪ್ಪನ ಮಗ ಕೆಲಸಕ್ಕೆಂದು ಸಿಂಗಪುರದಲ್ಲಿ ನೆಲೆಸಿದ್ದಾನೆ. ಅಪ್ಪ ಗ್ರೂಪ್ ತೆರೆಯುತ್ತಾರೆ ಎನ್ನಿ. ಆಗ ಅವರೇ ಅದರ ಮ್ಯಾನೇಜರ್. ಮ್ಯಾನೇಜರ್‌ಗೆ 18 ವರ್ಷ ತುಂಬಿರಬೇಕು, ಅವರ ಜೊತೆಗೆ ಇನ್ನೂ 5 ಜನ ಸೇರಬಹುದು, ಒಟ್ಟು 6. ಎಲ್ಲರೂ ಒಂದೇ ದೇಶದಲ್ಲಿ ವಾಸವಿರಬೇಕು. ಹಾಗಾಗಿ ಅಮ್ಮ, ಮಗ, ಹಾಸ್ಟೆಲಿನ ಮಗಳು ಸೇರಬಹುದು. ಸಿಂಗಪುರದ ಅಣ್ಣ ಎಷ್ಟೇ ಹತ್ತಿರದ ನೆಂಟನಾದರೂ ಸೇರುವಂತಿಲ್ಲ.

ಒಬ್ಬರು ಒಂದು ಸಲಕ್ಕೆ ಒಂದೇ ಗ್ರೂಪಿನಲ್ಲಿರಬಹುದು. ಒಂದು ಗ್ರೂಪ್ ಬಿಟ್ಟು ಇನ್ನೊಂದಕ್ಕೆ ಹೋಗುವ ಅವಕಾಶ 12 ತಿಂಗಳಿಗೆ ಒಂದೇ ಸಲ. ಗೆಳೆಯರ ಗ್ರೂಪಿಗೆ ಈ ತಿಂಗಳು, ಮನೆಯ ಗ್ರೂಪಿಗೆ ಮುಂದಿನ ತಿಂಗಳು ಎಂದು ಜಿಗಿದಾಡಲು ಆಗುವುದಿಲ್ಲ.

ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯಲ್ಲಿರುವ ನಿಮ್ಮ ಚಿತ್ರವನ್ನು ಒತ್ತಿ, Settings, ಅದರೊಳಗೆ Family ಎಂಬಲ್ಲಿಗೆ ಹೋದರೆ ಗ್ರೂಪ್ ಶುರುಮಾಡುವ ಜಾಗ ಸಿಗುತ್ತದೆ. ಆಟಗಳನ್ನು ಹಂಚಿಕೊಳ್ಳಲು ಅಲ್ಲೇ Family Library ಎಂಬುದಕ್ಕೂ ಸೇರಿಕೊಳ್ಳಬೇಕು. ಎಷ್ಟೋ ಜನ ಗ್ರೂಪ್ ಮಾಡಿ ಇದನ್ನು ಮರೆಯುತ್ತಾರೆ. ಆಹ್ವಾನ ಹೋದ ಮೇಲೆ ಪ್ರತಿಯೊಬ್ಬರೂ ತಂತಮ್ಮ ಫೋನಿನಲ್ಲಿ ಒಪ್ಪಿಕೊಂಡರೇ ಕೆಲಸ ಮುಗಿದಂತೆ.

ಬಾಗಿಲಲ್ಲಿ ಕೊಟ್ಟ ದುಡ್ಡು, ಒಳಗೆ ಕೊಟ್ಟ ದುಡ್ಡು

ಈಗ ಅಪ್ಪ 400 ರೂಪಾಯಿ ಕೊಟ್ಟು ಒಂದು ಆಟ ಕೊಂಡರು ಎಂದಿಟ್ಟುಕೊಳ್ಳಿ. ಡೌನ್‌ಲೋಡ್ ಮಾಡುವ ಮೊದಲೇ ಬೆಲೆ ತೆರಬೇಕಾದ ಆಟ ಅದು. ಇಂಥದ್ದನ್ನು ಫ್ಯಾಮಿಲಿ ಲೈಬ್ರರಿಗೆ ಸೇರಿಸಬಹುದು. ಸೇರಿಸಿದ ಮೇಲೆ ಮಗಳು ತನ್ನ ಫೋನಿನಲ್ಲಿ ಅದೇ ಆಟದ ಪುಟ ತೆರೆದರೆ ಬೆಲೆ ಇದ್ದ ಜಾಗದಲ್ಲಿ Install ಎಂದು ಕಾಣುತ್ತದೆ. ಅವಳು ಮಂಗಳೂರಿನಲ್ಲಿ ಆಡುವಾಗ ತಮ್ಮ ಶಿವಮೊಗ್ಗದಲ್ಲಿ ಆಡಲು ಅಡ್ಡಿಯಿಲ್ಲ.

ಸಮಸ್ಯೆ ಬರುವುದು ಇನ್ನೊಂದು ಬಗೆಯ ಆಟದಲ್ಲಿ. ಇವತ್ತು ಹುಡುಗರು ಹೆಚ್ಚಾಗಿ ಆಡುವ ಬಿಜಿಎಂಐನಂಥ ಆಟಗಳು ಉಚಿತ. ದುಡ್ಡು ಖರ್ಚಾಗುವುದು ಆಟದ ಒಳಗೆ. ಅಲ್ಲಿನ ನಾಣ್ಯ, ವೇಷ, ಬಂದೂಕಿನ ಬಣ್ಣ ಎಲ್ಲಕ್ಕೂ ಬೆಲೆಯಿದೆ. ಹೀಗೆ ಒಳಗೆ ಕೊಂಡದ್ದು ಯಾವುದನ್ನೂ ಫ್ಯಾಮಿಲಿ ಲೈಬ್ರರಿಯಲ್ಲಿ ಹಂಚಿಕೊಳ್ಳಲಾಗದು. ಉಚಿತ ಆಟವನ್ನು ಲೈಬ್ರರಿಗೆ ಸೇರಿಸುವ ಪ್ರಶ್ನೆಯೂ ಬರುವುದಿಲ್ಲ. ಜಾತ್ರೆಯಲ್ಲಿ ಮನೆಯವರೆಲ್ಲರ ಪರವಾಗಿ ಒಬ್ಬರೇ ಪ್ರವೇಶದ ಚೀಟಿ ಕೊಳ್ಳಬಹುದು, ಒಳಗೆ ಕುಡಿದ ಕಬ್ಬಿನ ಹಾಲು ಮಾತ್ರ ಕುಡಿದವರದ್ದೇ. ‘ಅಣ್ಣನ ಖಾತೆಯಲ್ಲಿರುವ ವೇಷ ನನಗೇಕೆ ಬಂದಿಲ್ಲ’ ಎಂದು ತಮ್ಮ ಕೇಳಿದರೆ ಕಾರಣ ಇಷ್ಟೇ.

ಹಳೆಯ ಖರೀದಿಗಳಿಗೂ ಒಂದು ಮಿತಿಯಿದೆ. ಫ್ಯಾಮಿಲಿ ಲೈಬ್ರರಿ ಬಂದದ್ದು 2016ರ ಜುಲೈನಲ್ಲಿ. ಅದಕ್ಕೂ ಮೊದಲು ಕೊಂಡ ಆಪ್ ಅಥವಾ ಆಟವನ್ನು, ಅದನ್ನು ತಯಾರಿಸಿದವರು ಒಪ್ಪಿದ್ದರೆ ಮಾತ್ರ ಹಂಚಿಕೊಳ್ಳಬಹುದು. ಆಟದ ಪುಟದಲ್ಲಿ Family Library ಎಂಬ ಗುಂಡಿ ಕಾಣದಿದ್ದರೆ ಅದು ಹಂಚಿಕೆಗೆ ಬರುವುದಿಲ್ಲ ಎಂದೇ ಅರ್ಥ.

ಕಾರ್ಡ್ ಅಪ್ಪನದು, ಆಟ ಮಗನದು

ಮನೆಯ ಒಂದೇ ಕಾರ್ಡಿನಿಂದ ಎಲ್ಲರೂ ಖರೀದಿ ಮಾಡುವ ಏರ್ಪಾಡನ್ನೂ ಗ್ರೂಪಿನಲ್ಲಿ ಇಟ್ಟುಕೊಳ್ಳಬಹುದು. ಬಿಲ್ಲಿನ ಹೊಣೆ ಪೂರ್ತಿ ಮ್ಯಾನೇಜರ್‌ದು. ಆದ್ದರಿಂದ ಕಾರ್ಡ್ ಸೇರಿಸಿದ ದಿನವೇ ಮಗನ ಹೆಸರನ್ನು ಒತ್ತಿ Purchase approvals ಎಂಬಲ್ಲಿ ಪ್ರತಿ ಖರೀದಿಗೂ ಅಪ್ಪನ ಒಪ್ಪಿಗೆ ಬೇಕು ಎಂದು ಇಡುವುದು ಜಾಣತನ. ಆಗ ಮಗ ಕೊಳ್ಳಹೊರಟಾಗಲೆಲ್ಲ ಅಪ್ಪನ ಒಪ್ಪಿಗೆ ಕೇಳಲಾಗುತ್ತದೆ. ಅವರು ಹೂಂ ಎಂದರೆ ಮಾತ್ರ ಹಣ ಹೋಗುತ್ತದೆ.

ಹಣ ಅಪ್ಪನ ಕಾರ್ಡಿನಿಂದ ಹೋದರೂ ಆಟದ ಒಡೆತನ ಮಾತ್ರ ಮಗನ ಖಾತೆಗೇ ಸೇರುತ್ತದೆ. ಯಾರ ಖಾತೆಯಲ್ಲಿ ಕೊಂಡರೋ ಅದು ಅವರದ್ದು. ನಾಳೆ ಮಗ ಗ್ರೂಪ್ ಬಿಟ್ಟರೆ ಅವನು ಸೇರಿಸಿದ್ದ ಆಟಗಳು ಮಿಕ್ಕವರ ಲೈಬ್ರರಿಯಿಂದ ಹೋಗುತ್ತವೆ, ಅಪ್ಪ ಸೇರಿಸಿದ್ದ ಆಟಗಳು ಅವನಿಗೆ ಸಿಗುವುದಿಲ್ಲ. ಇನ್ನೂ ತೊಡಕಿನ ಸಂಗತಿ ಒಂದಿದೆ. ಅಪ್ಪನ ಲೈಬ್ರರಿಯಿಂದ ಬಂದ ಆಟದಲ್ಲಿ ಮಗಳು ತನ್ನ ದುಡ್ಡು ಹಾಕಿ ಒಳಗೆ ಏನೋ ಕೊಂಡಿದ್ದಾಳೆ ಎನ್ನಿ. ಅಪ್ಪ ಆ ಆಟವನ್ನು ಲೈಬ್ರರಿಯಿಂದ ತೆಗೆದರೆ, ತಾನು ಒಳಗೆ ಕೊಂಡದ್ದನ್ನು ಬಳಸಬೇಕೆಂದರೂ ಅವಳು ಆ ಆಟವನ್ನೇ ಬೆಲೆ ಕೊಟ್ಟು ಕೊಳ್ಳಬೇಕು. ಹಾಗಾಗಿ ಮನೆಯವರೆಲ್ಲ ಬಹುಕಾಲ ಆಡುವ ಆಟವನ್ನು ಗ್ರೂಪಿನಲ್ಲಿ ಖಾಯಂ ಇರುವವರ ಖಾತೆಯಲ್ಲಿ ಕೊಳ್ಳುವುದು ಒಳ್ಳೆಯದು.

ಚಂದಾ ಇದ್ದರೆ ಮನೆ ಒಂದೇ ಇರಬೇಕು

ತಿಂಗಳ ಚಂದಾದ ನಿಯಮ ಬೇರೆಯೇ. ಗೂಗಲ್ ಪ್ಲೇ ಪಾಸ್ ಎಂಬ ಆಟಗಳ ಚಂದಾ 2022ರಲ್ಲಿ ಭಾರತಕ್ಕೆ ಬಂತು. ಅದರ ಪಟ್ಟಿಯಲ್ಲಿರುವ ಆಟಗಳಲ್ಲಿ ಜಾಹೀರಾತು ಇರುವುದಿಲ್ಲ, ಒಳಗಿನ ಖರೀದಿಗೂ ಬೇರೆ ದುಡ್ಡು ಬೇಡ. ಫ್ಯಾಮಿಲಿ ಲೈಬ್ರರಿಯಲ್ಲಿ ಆಗದ ಒಂದು ಕೆಲಸ ಇಲ್ಲಿ ಹೀಗೆ ಆಗುತ್ತದೆ. ಇದನ್ನು ಮನೆಯವರಿಗೆ ಹಂಚಬೇಕಾದರೆ ಗ್ರೂಪಿನ ಮ್ಯಾನೇಜರೇ ಚಂದಾ ಕಟ್ಟಿರಬೇಕು. ಮಗಳು ಕಟ್ಟಿದರೆ ಅದು ಅವಳೊಬ್ಬಳಿಗೇ. ‘ದುಡ್ಡು ಕಟ್ಟಿದರೂ ಮನೆಯವರಿಗೆ ಬರುತ್ತಿಲ್ಲ’ ಎಂಬ ದೂರಿದ್ದರೆ ಮೊದಲು ನೋಡಬೇಕಾದದ್ದು ಯಾರು ಕಟ್ಟಿದ್ದಾರೆ ಎಂಬುದನ್ನು.

ಯೂಟ್ಯೂಬ್ ಪ್ರೀಮಿಯಂನ ಫ್ಯಾಮಿಲಿ ಪ್ಲಾನ್ ಇನ್ನೂ ಬಿಗಿ. ಇದನ್ನು ಬಳಸುವವರಿಗೆ 13 ವರ್ಷ ತುಂಬಿರಬೇಕು, ಅವರು ಮ್ಯಾನೇಜರ್ ಇರುವ ಮನೆಯಲ್ಲೇ ವಾಸಿಸಬೇಕು. ದೇಶ ಒಂದೇ ಆದರೆ ಸಾಲದು, ಮನೆಯೂ ಒಂದೇ ಆಗಬೇಕು. ಇದನ್ನು 30 ದಿನಕ್ಕೊಮ್ಮೆ ತಾನಾಗಿಯೇ ಪರಿಶೀಲಿಸುವ ವ್ಯವಸ್ಥೆ ಯೂಟ್ಯೂಬ್‌ನಲ್ಲಿದೆ. 2025ರಲ್ಲಿ ಬೇರೆ ಮನೆಯಲ್ಲಿರುವ ಕೆಲವು ಸದಸ್ಯರಿಗೆ ಎಚ್ಚರಿಕೆಯ ಮೇಲ್ ಬಂದವು. 14 ದಿನಗಳ ನಂತರ ಸೌಲಭ್ಯ ನಿಲ್ಲುತ್ತದೆ ಎಂಬುದು ಅದರ ಸಾರ. ನಿಂತ ಮೇಲೂ ಗ್ರೂಪಿನಲ್ಲಿ ಹೆಸರು ಇರುತ್ತದೆ, ವೀಡಿಯೊದ ನಡುವೆ ಜಾಹೀರಾತು ಮಾತ್ರ ಮರಳಿ ಬರುತ್ತದೆ.

ನಮ್ಮ ಶಿವಮೊಗ್ಗದ ಮನೆಗೆ ಇದನ್ನು ಅನ್ವಯಿಸಿ ನೋಡೋಣ. 2024ರ ಆಗಸ್ಟ್‌ನಲ್ಲಿ ಭಾರತದಲ್ಲಿ ಪರಿಷ್ಕೃತವಾದ ದರದಂತೆ ತಿಂಗಳಿಗೆ ಒಬ್ಬರಿಗೆ 149 ರೂಪಾಯಿ, ಫ್ಯಾಮಿಲಿ ಪ್ಲಾನ್‌ಗೆ 299, ವಿದ್ಯಾರ್ಥಿಗೆ 89. ಮನೆಯಲ್ಲಿರುವ ಮೂವರೂ ಬೇರೆಬೇರೆಯಾಗಿ ಕಟ್ಟಿದರೆ 447 ರೂಪಾಯಿ, ಫ್ಯಾಮಿಲಿ ಪ್ಲಾನಿನಲ್ಲಿ 299. ಹಾಸ್ಟೆಲಿನ ಮಗಳು ಅಪ್ಪನ ಗ್ರೂಪಿನಲ್ಲಿದ್ದು ಆಟಗಳನ್ನು ಆಡಬಹುದು. ಯೂಟ್ಯೂಬ್ ಪ್ರೀಮಿಯಂಗೆ ಮಾತ್ರ ಅವಳು ಕಾಲೇಜಿನ ವಿವರ ಕೊಟ್ಟು ವಿದ್ಯಾರ್ಥಿ ಪ್ಲಾನ್ ತೆಗೆದುಕೊಳ್ಳುವುದು ನಿಯಮಕ್ಕೆ ಸರಿ. ಒಟ್ಟು ಖರ್ಚು 388 ರೂಪಾಯಿ, ಯಾವ ಪರಿಶೀಲನೆಗೂ ಹೆದರಬೇಕಿಲ್ಲ.

ಕಂಪ್ಯೂಟರಿನಲ್ಲಿ ಆಡುವವರಿಗೆ

ಲ್ಯಾಪ್‌ಟಾಪಿನಲ್ಲಿ ಸ್ಟೀಮ್ ಮೂಲಕ ಆಟ ಕೊಳ್ಳುವ ಮನೆಗಳಿಗೆ 2024ರ ಸೆಪ್ಟೆಂಬರ್‌ನಿಂದ ಸ್ಟೀಮ್ ಫ್ಯಾಮಿಲೀಸ್ ಇದೆ. ಇಲ್ಲೂ 6 ಜನರ ಮಿತಿ, ಇಲ್ಲೂ ಒಂದೇ ದೇಶ. ಗ್ರೂಪ್ ಬಿಟ್ಟ ವಯಸ್ಕರು ತಾವು ಸೇರಿದ ದಿನದಿಂದ ಒಂದು ವರ್ಷ ತುಂಬುವವರೆಗೆ ಬೇರೆ ಗ್ರೂಪ್ ಸೇರುವಂತಿಲ್ಲ. ಖಾಲಿಯಾದ ಜಾಗವೂ ವರ್ಷದವರೆಗೆ ಖಾಲಿಯೇ.

ಪ್ಲೇ ಸ್ಟೋರಿಗಿಂತ ಇದು ಒಂದು ವಿಷಯದಲ್ಲಿ ಭಿನ್ನ. ಇಲ್ಲಿ ಲೆಕ್ಕ ಪ್ರತಿಗಳದ್ದು. ಮನೆಯಲ್ಲಿ ಒಂದು ಆಟದ ಒಂದೇ ಪ್ರತಿ ಇದ್ದರೆ ಅದನ್ನು ಒಂದು ಹೊತ್ತಿಗೆ ಒಬ್ಬರೇ ಆಡಬಹುದು. ಅಕ್ಕ, ತಮ್ಮ ಒಟ್ಟಿಗೆ ಆಡಬೇಕಾದರೆ ಎರಡು ಪ್ರತಿ ಬೇಕು. ಒಬ್ಬಳು ಒಂದು ಆಟ, ಇನ್ನೊಬ್ಬ ಬೇರೆ ಆಟ ಆಡುವುದಾದರೆ ತೊಂದರೆಯಿಲ್ಲ. ಎಲ್ಲ ಆಟಗಳೂ ಹಂಚಿಕೆಗೆ ಬರುವುದಿಲ್ಲ. ಬೇರೆ ಕಂಪನಿಯ ಖಾತೆ ಅಥವಾ ಚಂದಾ ಬೇಡುವ ಆಟಗಳು ಹೊರಗುಳಿಯುತ್ತವೆ.

ಇನ್ನೊಂದು ನಿಯಮ ಹೆತ್ತವರಿಗೆ ತಿಳಿದಿರಲೇಬೇಕು. ಅಕ್ಕನ ಪ್ರತಿಯಲ್ಲಿ ಆಡುತ್ತ ತಮ್ಮ ಮೋಸದ ಸಾಫ್ಟ್‌ವೇರ್ ಬಳಸಿ ಸಿಕ್ಕಿಬಿದ್ದರೆ ಆ ಆಟದಿಂದ ಅವನನ್ನಷ್ಟೇ ಹೊರಗಿಡುವುದಿಲ್ಲ, ಪ್ರತಿಯ ಒಡತಿಯಾದ ಅಕ್ಕನ ಮೇಲೂ ನಿಷೇಧ ಬೀಳುತ್ತದೆ. ಕಿರಿಯರಿಗೆ ಮಕ್ಕಳ ಖಾತೆ ಮಾಡಿಕೊಟ್ಟರೆ ಅವರಿಗೆ ಯಾವ ಆಟ ಸಿಗಬೇಕು, ದಿನಕ್ಕೆ ಎಷ್ಟು ಹೊತ್ತು ಆಡಬಹುದು ಎಂಬುದನ್ನು ಗ್ರೂಪಿನ ಹಿರಿಯರೇ ನಿರ್ಧರಿಸಬಹುದು.

ಜಾಗ ಮಾರಾಟಕ್ಕಿದೆ ಎಂದರೆ

ಫ್ಯಾಮಿಲಿ ಪ್ಲಾನಿನ ಖಾಲಿ ಜಾಗವನ್ನು ಅಗ್ಗಕ್ಕೆ ಮಾರುವವರು ಆನ್‌ಲೈನ್‌ನಲ್ಲಿ ಸಿಗುತ್ತಾರೆ. ಮನೆಯ ಗ್ರೂಪ್ ಬಿಟ್ಟು ಅಂಥವರ ಗ್ರೂಪ್ ಸೇರಿದರೆ ವರ್ಷಕ್ಕೆ ಒಮ್ಮೆ ಸಿಗುವ ಬದಲಾವಣೆಯ ಅವಕಾಶ ಅಲ್ಲಿಗೆ ಮುಗಿಯಿತು. ಎರಡೇ ತಿಂಗಳಲ್ಲಿ ಮಾರಿದವನು ನಿಮ್ಮನ್ನು ತೆಗೆದುಹಾಕಿದರೂ ಕೂಡಲೇ ಮನೆಯ ಗ್ರೂಪಿಗೆ ಮರಳಲಾಗದು. ಹಣ ವಾಪಸ್ ಕೊಡಿಸಿ ಎಂದು ಗೂಗಲ್‌ಗೆ ದೂರು ಕೊಡುವಂತೆಯೂ ಇಲ್ಲ, ಏಕೆಂದರೆ ನಿಯಮ ಮುರಿದೇ ಸೇರಿದ್ದೀರಿ. ಗ್ರೂಪಿನ ಸದಸ್ಯರಿಗೆ ಪರಸ್ಪರರ ಹೆಸರು, ಚಿತ್ರ, ಇಮೇಲ್ ಕಾಣುತ್ತವೆ ಎಂಬುದನ್ನೂ ಮರೆಯಬಾರದು. ಆರು ಜಾಗಗಳಲ್ಲಿ ಎರಡು ಖಾಲಿ ಉಳಿದರೆ ಉಳಿಯಲಿ, ಮನೆಯವರಲ್ಲದವರನ್ನು ಸೇರಿಸಬೇಡಿ, ಪರರ ‘ಮನೆ’ಗೆ ದುಡ್ಡು ಕೊಟ್ಟು ಸೇರಬೇಡಿ.