ಮಾಲು ವಾಪಸ್ ಹೋಯಿತು, ಲೆಕ್ಕ ಮುಗಿಯಿತೇ?

"ಸಾಹುಕಾರ್ರೇ, ಹನ್ನೆರಡು ಪೀಸ್ ಬಣ್ಣ ಬಿಡ್ತಾ ಇವೆ. ವಾಪಸ್ ಕಳಿಸ್ತೀನಿ, ಬಿಲ್ಲಲ್ಲಿ ಲೆಸ್ ಮಾಡ್ಕೊಳ್ಳಿ." "ಆಯ್ತು, ಕಳಿಸಿ." ಬಟ್ಟೆ ವ್ಯಾಪಾರದಲ್ಲಿ ಇಂಥ ಮಾತು ದಿನವೂ ನಡೆಯುತ್ತದೆ. ಮಾತಿನಲ್ಲಿ ವ್ಯವಹಾರ ಅಲ್ಲಿಗೆ ಮುಗಿದಂತೆ. ಆದರೆ ಮೊದಲ ಬಿಲ್ಲು ಎರಡೂ ಅಂಗಡಿಗಳ ಪುಸ್ತಕ ಸೇರಿ ಆಗಿದೆ, ಅದರ ತೆರಿಗೆ ಸರ್ಕಾರದ ಲೆಕ್ಕಕ್ಕೂ ಹೋಗಿದೆ. ಅದನ್ನು ತಿದ್ದಿ ಬರೆಯುವಂತಿಲ್ಲ, ಹರಿದು ಹಾಕುವಂತೆಯೂ ಇಲ್ಲ. ಬಿಲ್ಲನ್ನು ಹಾಗೇ ಬಿಟ್ಟು, ವಾಪಸಾದಷ್ಟನ್ನು ಇನ್ನೊಂದು ಕಾಗದದಿಂದ ಕಳೆಯಬೇಕು. ಆ ಕಾಗದಗಳೇ ಡೆಬಿಟ್ ನೋಟ್ ಮತ್ತು ಕ್ರೆಡಿಟ್ ನೋಟ್.

ಒಂದು ಲೆಕ್ಕವನ್ನೇ ಹಿಡಿದು ನೋಡೋಣ. ದಾವಣಗೆರೆಯ ಸಗಟು ವ್ಯಾಪಾರಿಯೊಬ್ಬರು ಚಿತ್ರದುರ್ಗದ ಅಂಗಡಿಗೆ 600 ರೂಪಾಯಿಯಂತೆ 100 ಸೀರೆ ಮಾರಿದ್ದಾರೆ ಎಂದಿಟ್ಟುಕೊಳ್ಳಿ. ಬೆಲೆ 60,000. ಶೇ 5ರ ಜಿಎಸ್‌ಟಿ 3,000. ಇಬ್ಬರೂ ಕರ್ನಾಟಕದವರಾದ್ದರಿಂದ ಕೇಂದ್ರಕ್ಕೆ 1,500, ರಾಜ್ಯಕ್ಕೆ 1,500. ಬಿಲ್ಲಿನ ಮೊತ್ತ 63,000. ವಾಪಸಾದ 12 ಸೀರೆಯ ಬೆಲೆ 7,200, ತೆರಿಗೆ 360, ಒಟ್ಟು 7,560. ಅಂದರೆ ಚಿತ್ರದುರ್ಗದವರು ಕೊಡಬೇಕಾದ ನಿಜವಾದ ಬಾಕಿ 55,440.

ಮೊದಲ ಕಾಗದ ಹೊರಡುವುದು ಕೊಂಡವರಿಂದ. ಅವರು ಸೀರೆಗಳ ಜೊತೆಗೆ ಡೆಬಿಟ್ ನೋಟ್ ಬರೆದು ಕಳಿಸುತ್ತಾರೆ: ಯಾವ ಬಿಲ್ಲಿನ ಮಾಲು, ಎಷ್ಟು ಪೀಸು, ಏನು ದೋಷ, ಎಷ್ಟು ಮೊತ್ತ. 'ನಿಮ್ಮ ಖಾತೆಗೆ ಇಷ್ಟು ಡೆಬಿಟ್ ಹಾಕಿದ್ದೇನೆ' ಎಂಬ ತಿಳಿವಳಿಕೆ ಅದು. ಮಾರಿದವರು ಮಾಲು ಬಿಚ್ಚಿ, ಎಣಿಸಿ, ದೋಷ ಒಪ್ಪಿದ ಮೇಲೆ ತಮ್ಮ ಕಡೆಯಿಂದ ಕ್ರೆಡಿಟ್ ನೋಟ್ ಕೊಡುತ್ತಾರೆ: 'ನಿಮ್ಮ ಖಾತೆಗೆ ಇಷ್ಟು ಜಮಾ ಮಾಡಿದ್ದೇನೆ.' ಮೊದಲನೆಯದು ಕೇಳಿಕೆ, ಎರಡನೆಯದು ಒಪ್ಪಿಗೆ. ಹನ್ನೆರಡರಲ್ಲಿ ಹತ್ತಕ್ಕೆ ಮಾತ್ರ ಅವರು ಒಪ್ಪಿದರೆ ಕ್ರೆಡಿಟ್ ನೋಟ್ ಹತ್ತಕ್ಕೇ ಬರುತ್ತದೆ. ಆಗ ಕೊಂಡವರು ತಮ್ಮ ಪುಸ್ತಕದಲ್ಲಿ ಬರೆದದ್ದನ್ನೂ ಹತ್ತಕ್ಕೆ ಇಳಿಸಬೇಕು.

ಈಗ ದಾವಣಗೆರೆಯ ಪುಸ್ತಕ ತೆರೆಯೋಣ. ಮಾರಾಟ ವಾಪಸಾತಿ ಖಾತೆಗೆ 7,200 ಡೆಬಿಟ್, ಕೇಂದ್ರದ ತೆರಿಗೆ ಖಾತೆಗೆ 180 ಡೆಬಿಟ್, ರಾಜ್ಯದ್ದಕ್ಕೆ 180 ಡೆಬಿಟ್, ಚಿತ್ರದುರ್ಗದ ಗಿರಾಕಿಯ ಖಾತೆಗೆ 7,560 ಕ್ರೆಡಿಟ್. ಮಾರಾಟದ ಖಾತೆಯಲ್ಲೇ ನೇರವಾಗಿ 7,200 ಕಳೆದರೂ ಮೊತ್ತ ಸರಿಹೋಗುತ್ತದೆ. ಆದರೂ ವಾಪಸಾತಿಗೆ ಬೇರೆ ಖಾತೆ ಇಡುವುದಕ್ಕೆ ಕಾರಣವಿದೆ. ವರ್ಷದ ಕೊನೆಗೆ ಎಷ್ಟು ಮಾಲು ಮರಳಿ ಬಂತು, ಯಾವ ನೇಕಾರಿಕೆಯ ಸೀರೆ ಪದೇ ಪದೇ ಬಂತು ಎಂಬುದು ಆ ಖಾತೆಯಲ್ಲಿ ಎದ್ದು ಕಾಣುತ್ತದೆ.

ದಾವಣಗೆರೆಯವರಿಗೆ ಇನ್ನೊಂದು ಕೆಲಸ ಉಳಿದಿದೆ. ಹನ್ನೆರಡು ಸೀರೆ ಗೋಡೌನಿಗೆ ಬಂದಿವೆ. ಅವುಗಳ ಅಸಲು 480 ರೂಪಾಯಿಯಂತೆ 5,760. ಬಣ್ಣ ಬಿಡುವ ಸೀರೆಯನ್ನು ಸೆಕೆಂಡ್ಸ್ ಎಂದು 250ಕ್ಕೆ ಮಾರಬಹುದಾದರೆ ಬರುವುದು 3,000 ಮಾತ್ರ. ದಾಸ್ತಾನನ್ನು ಅಸಲು ಅಥವಾ ಮಾರಿದರೆ ಕೈಗೆ ಬರುವ ಹಣ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲೇ ತೋರಿಸಬೇಕು. ಹಾಗಾಗಿ 2,760 ರೂಪಾಯಿ ನಷ್ಟ ಆ ವರ್ಷವೇ ಬರೆಯಬೇಕು. ಕ್ರೆಡಿಟ್ ನೋಟ್ ಬರೆದು ಇದನ್ನು ಮರೆತರೆ, ಕೆಟ್ಟ ಮಾಲು ಒಳ್ಳೆಯ ಮಾಲಿನ ಬೆಲೆಯಲ್ಲಿ ಪುಸ್ತಕದಲ್ಲಿ ಕೂತಿರುತ್ತದೆ, ಲಾಭ ಸುಳ್ಳೇ ಹೆಚ್ಚಾಗಿ ಕಾಣುತ್ತದೆ.

ಚಿತ್ರದುರ್ಗದ ಪುಸ್ತಕದಲ್ಲಿ ಇದೇ ವ್ಯವಹಾರ ತಿರುಗಿ ನಿಲ್ಲುತ್ತದೆ. ದಾವಣಗೆರೆಯವರ ಖಾತೆಗೆ 7,560 ಡೆಬಿಟ್. ಖರೀದಿ ವಾಪಸಾತಿಗೆ 7,200 ಕ್ರೆಡಿಟ್. ಇನ್‌ಪುಟ್ ತೆರಿಗೆಯ ಎರಡು ಖಾತೆಗಳಿಗೆ 180, 180 ಕ್ರೆಡಿಟ್. ಕೊನೆಯ ಎರಡನ್ನು ಬಿಡುವವರು ಹಲವರು. ಖರೀದಿಯ ಹೊತ್ತಿಗೆ ಪೂರ್ತಿ 3,000 ರೂಪಾಯಿಯ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಾಗಿದೆ. ಮಾಲೇ ಇಲ್ಲದ ಮೇಲೆ ಅದರ 360ನ್ನು ಇಟ್ಟುಕೊಳ್ಳುವ ಹಕ್ಕೂ ಇಲ್ಲ. TallyPrimeನಲ್ಲಿ ಕೆಲಸ ಮಾಡುವವರು ಕೊಂಡವರ ಕಡೆಗೆ Alt+F5, ಮಾರಿದವರ ಕಡೆಗೆ Alt+F6 ಒತ್ತಿ ಈ ನಮೂದು ಮಾಡುತ್ತಾರೆ.

ತೆರಿಗೆಯ ಕಣ್ಣಿಗೆ ಈ ಎರಡು ಕಾಗದ ಸಮವಲ್ಲ. ಜಿಎಸ್‌ಟಿ ಕಾಯ್ದೆಯ 34ನೇ ಕಲಂ ಪ್ರಕಾರ ಕ್ರೆಡಿಟ್ ನೋಟ್ ಕೊಡುವವರು ಮಾರಿದವರು. ಆ ಕಲಂ ಹೇಳುವ ಡೆಬಿಟ್ ನೋಟ್ ಕೂಡ ಮಾರಿದವರದ್ದೇ, ಬಿಲ್ಲಿನಲ್ಲಿ ಬೆಲೆಯೋ ತೆರಿಗೆಯೋ ಕಡಿಮೆ ಬಿದ್ದಿದ್ದರೆ ಅದನ್ನು ಏರಿಸಲಿಕ್ಕೆ. ಕೊಂಡವರು ವಾಪಸಾತಿಗೆ ಬರೆಯುವ ಡೆಬಿಟ್ ನೋಟ್ ಅಂಗಡಿಗಳ ನಡುವಿನ ದಾಖಲೆ. ಅದೊಂದರಿಂದ ಮಾರಿದವರ ತೆರಿಗೆ ಒಂದು ರೂಪಾಯಿಯೂ ಇಳಿಯದು. ದಾವಣಗೆರೆಯವರು ಮೂಲ ಬಿಲ್ಲಿನ ನಂಬರು, ತಾರೀಖು ಸಹಿತ ಕ್ರೆಡಿಟ್ ನೋಟ್ ಮಾಡಿ GSTR-1ರಲ್ಲಿ ತೋರಿಸಬೇಕು. ಅದು ಚಿತ್ರದುರ್ಗದವರ GSTR-2Bಯಲ್ಲಿ ಕಾಣಿಸಿಕೊಳ್ಳುತ್ತದೆ. ಅವರು 360ರ ಇನ್‌ಪುಟ್ ಕ್ರೆಡಿಟ್ ಬಿಟ್ಟುಕೊಟ್ಟಿರಬೇಕು ಎಂಬುದು ಇವರು 360 ತೆರಿಗೆ ಇಳಿಸಿಕೊಳ್ಳಲು ಇರುವ ಷರತ್ತು.

ಇದಕ್ಕೆ ಗಡುವೂ ಉಂಟು. 2025-26ರಲ್ಲಿ ಮಾರಿದ ಮಾಲಿನ ಕ್ರೆಡಿಟ್ ನೋಟನ್ನು ತಡವೆಂದರೆ 2026ರ ನವೆಂಬರ್ 30ರೊಳಗೆ ರಿಟರ್ನ್‌ನಲ್ಲಿ ತೋರಿಸಬೇಕು. ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿದ್ದರೆ ಆ ದಿನವೇ ಗಡುವು. ದಿನ ಮೀರಿದರೆ 7,200 ರೂಪಾಯಿಯನ್ನು ತೆರಿಗೆಯಿಲ್ಲದ ಕ್ರೆಡಿಟ್ ನೋಟ್ ಮೂಲಕ ಗಿರಾಕಿಗೆ ಜಮಾ ಕೊಡಬಹುದು. ಆದರೆ ಸರ್ಕಾರಕ್ಕೆ ಕಟ್ಟಿದ 360 ಕಟ್ಟಿದ್ದೇ.

ತಪ್ಪು ಹೆಚ್ಚಾಗಿ ಆಗುವುದು ಎರಡು ಕಡೆ. ಒಂದು, ಕೊಂಡವರು ಡೆಬಿಟ್ ನೋಟ್ ಬರೆದು 55,440 ಪಾವತಿಸಿ ಸುಮ್ಮನಾಗುತ್ತಾರೆ, ಮಾರಿದವರು ಕ್ರೆಡಿಟ್ ನೋಟ್ ಮಾಡುವುದೇ ಇಲ್ಲ. ಅವರ ಪುಸ್ತಕದಲ್ಲಿ 7,560 ಬಾಕಿ ನಿಲ್ಲುತ್ತದೆ. ಎರಡು, ಕೊಂಡವರು ಡೆಬಿಟ್ ನೋಟನ್ನೂ ನಮೂದಿಸುತ್ತಾರೆ, ಹದಿನೈದು ದಿನದ ಮೇಲೆ ಕ್ರೆಡಿಟ್ ನೋಟ್ ಬಂದಾಗ ಹೊಸ ಕಾಗದವೆಂದುಕೊಂಡು ಅದನ್ನೂ ನಮೂದಿಸುತ್ತಾರೆ. ಒಂದೇ ವಾಪಸಾತಿ ಎರಡು ಸಲ ಕಳೆದುಹೋಗಿ, ಅವರು ಕೊಡುವುದು 47,880. ಆಗಲೂ ಮಾರಿದವರಲ್ಲಿ 7,560 ಬಾಕಿ.

ಎರಡೂ ತಪ್ಪಿಗೆ ವ್ಯತ್ಯಾಸ ಒಂದೇ ಮೊತ್ತ. ಆದ್ದರಿಂದ ಬಾಕಿಯನ್ನಷ್ಟೇ ನೋಡಿ ಯಾರದು ತಪ್ಪು ಎಂದು ಹೇಳಲಾಗದು. ಇಬ್ಬರ ಲೆಡ್ಜರನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಟಿಕ್ ಹಾಕಬೇಕು. ಮಾರಿದವರಲ್ಲಿ ಕ್ರೆಡಿಟ್ ನೋಟಿನ ಸಾಲೇ ಇಲ್ಲದಿದ್ದರೆ ತಪ್ಪು ಅವರದು. ಕೊಂಡವರಲ್ಲಿ 7,560ರ ಎರಡು ಸಾಲಿದ್ದರೆ ಇವರದು. ಇಷ್ಟಕ್ಕೆ ಬರದಂತೆ ನೋಡಿಕೊಳ್ಳಲು ಒಂದು ಅಭ್ಯಾಸ ಸಾಕು: ಕ್ರೆಡಿಟ್ ನೋಟ್ ಕೈಸೇರಿದಾಗ ಹೊಸ ನಮೂದು ಮಾಡದೆ, ಹಳೆಯ ಡೆಬಿಟ್ ನೋಟಿನ ನಮೂದಿನಲ್ಲೇ ಅದರ ನಂಬರು, ತಾರೀಖು ಬರೆಯುವುದು. ಹೀಗೆ ಮಾಡಿದರೆ ನಂಬರು ತುಂಬದೆ ಖಾಲಿ ಉಳಿದ ಡೆಬಿಟ್ ನೋಟುಗಳೆಲ್ಲ ತಾವಾಗಿಯೇ ಒಂದು ಪಟ್ಟಿಯಾಗುತ್ತವೆ. ಆ ಪಟ್ಟಿ ಹಿಡಿದು ಪ್ರತಿ ತಿಂಗಳು ಮಾರಿದವರಿಗೆ ಫೋನ್ ಮಾಡಿದರೆ ನವೆಂಬರ್ ಗಡುವು ಯಾರಿಗೂ ತಪ್ಪುವುದಿಲ್ಲ.