ವಿಮಾ ಪಾಲಿಸಿಯ ನಾಮಿನಿ ಬದಲಾವಣೆ

ಜೀವವಿಮಾ ಸಂಸ್ಥೆಗಳು ಪಾಲಿಸಿದಾರರಿಗೆ ಆಗಾಗ ಒಂದು ವಿನಂತಿ ಪತ್ರ ಕಳುಹಿಸುತ್ತವೆ: ನಾಮಿನಿಯ ವಿವರ ಮತ್ತು ಗುರುತಿನ ದಾಖಲೆಗಳನ್ನು ದಯವಿಟ್ಟು ಪರಿಶೀಲಿಸಿ, ಬದಲಾಗಿದ್ದರೆ ತಿಳಿಸಿ. ಮದುವೆಗೆ ಮುನ್ನ ಪಾಲಿಸಿ ಮಾಡಿಸಿದವರಿಗೆ ಈ ಪತ್ರ ವಿಶೇಷವಾಗಿ ಅನ್ವಯಿಸುತ್ತದೆ.

ಅಂಥದೊಂದು ಪ್ರಕರಣ ಕರ್ನಾಟಕ ಹೈಕೋರ್ಟಿಗೆ ಬಂದಿತ್ತು. ಅವಿವಾಹಿತನಾಗಿದ್ದಾಗ ತಾಯಿಯನ್ನು ನಾಮಿನಿ ಮಾಡಿದ್ದ ವ್ಯಕ್ತಿ, ಮದುವೆಯಾಗಿ ಮಗುವಾದ ಮೇಲೂ ಹೆಸರು ಬದಲಿಸಿರಲಿಲ್ಲ. ಆತನ ಮರಣಾನಂತರ ತಾಯಿ, ಹೆಂಡತಿಯರ ನಡುವೆ ವ್ಯಾಜ್ಯ ಹುಟ್ಟಿತು. ವಾರಸುದಾರರ ಹಕ್ಕನ್ನು ನಾಮನಿರ್ದೇಶನ ಅಳಿಸಲಾರದೆಂದು 2025ರಲ್ಲಿ ತೀರ್ಪಿತ್ತ ನ್ಯಾಯಾಲಯ, ತಾಯಿ, ಹೆಂಡತಿ, ಮಗುವಿಗೆ ತಲಾ ಮೂರನೆಯ ಒಂದು ಪಾಲನ್ನು ಎತ್ತಿಹಿಡಿಯಿತು. ಹಣ ಸಿಕ್ಕಿತಾದರೂ ಅದಕ್ಕೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

1938ರ ವಿಮಾ ಕಾಯ್ದೆಯ 39ನೇ ಕಲಮಿನ ಪ್ರಕಾರ, ಪಾಲಿಸಿಯ ಅವಧಿ ಮುಗಿಯುವ ಮೊದಲು ಯಾವಾಗ ಬೇಕಾದರೂ ನಾಮಿನಿಯನ್ನು ಬದಲಿಸಬಹುದು. ಲಿಖಿತ ಅರ್ಜಿ ಕೊಟ್ಟು, ಬದಲಾವಣೆ ನೋಂದಣಿಯಾದುದಕ್ಕೆ ಸ್ವೀಕೃತಿ ಪತ್ರ ಪಡೆಯಬೇಕು. ನಾಮಿನಿ ಅಪ್ರಾಪ್ತ ವಯಸ್ಕರಾದರೆ, ಅವರ ಪರವಾಗಿ ಹಣ ಪಡೆಯುವ ವಯಸ್ಕರೊಬ್ಬರ ಹೆಸರನ್ನೂ ಸೂಚಿಸಬೇಕು.

ಕೆವೈಸಿಗೆ ಪ್ಯಾನ್, ವಿಳಾಸದ ಪುರಾವೆ, ಬ್ಯಾಂಕ್ ಖಾತೆಯ ವಿವರ ಸಾಮಾನ್ಯವಾಗಿ ಬೇಕಾಗುತ್ತವೆ. ಪಾಲಿಸಿ, ಪ್ಯಾನ್, ಬ್ಯಾಂಕ್ ಖಾತೆಗಳಲ್ಲಿ ಹೆಸರಿನ ಇನಿಷಿಯಲ್ ಬೇರೆಬೇರೆಯಾಗಿದ್ದರೆ ಹಣ ಪಾವತಿ ತಡವಾಗಬಹುದು. ವಿನಂತಿ ಪತ್ರದ ಹೆಸರಿನಲ್ಲಿ ಕರೆ ಮಾಡಿ ಓಟಿಪಿ ಕೇಳುವವರು ವಂಚಕರು. ದಾಖಲೆಗಳನ್ನು ಶಾಖೆಯಲ್ಲಿ ಅಥವಾ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಷ್ಟೇ ಸಲ್ಲಿಸಬೇಕು.